ಅರವತ್ತರ ನಂತರ ಜೋತುಬಿದ್ದ ಕೆನ್ನೆ, ಕತ್ತು: ಫೇಸ್‌ಲಿಫ್ಟೋ, ಹಗುರ ಚಿಕಿತ್ಸೆಯೋ? ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಪ್ಲಾಸ್ಟಿಕ್ ಸರ್ಜರಿ ವಾರ್ಡುಗಳಲ್ಲಿ ಇಪ್ಪತ್ತಾರು ವರ್ಷ ನರ್ಸ್ ಆಗಿ ಕೆಲಸ ಮಾಡಿದ್ದೇನೆ. ಕಳೆದ ವರ್ಷ ನನ್ನ ಸ್ವಂತ ಅಕ್ಕನಿಗೇ ಫೇಸ್‌ಲಿಫ್ಟ್, ಅಂದರೆ ಜೋತುಬಿದ್ದ ಮುಖವನ್ನು ಎತ್ತಿ ಕಟ್ಟುವ ಸರ್ಜರಿ ಆಯಿತು. ಆಗ ಅವಳಿಗೆ 65. ಅಂದಿನಿಂದ ಬಸವನಗುಡಿಯ ನಮ್ಮ ಬೀದಿಯವರು, ನೆಂಟರು, ವಾಕಿಂಗ್ ಗೆಳತಿಯರು ಕೇಳುತ್ತಲೇ ಇದ್ದಾರೆ. ಜಾಸ್ತಿ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಬರೆದಿದ್ದೇನೆ. ಇದು ಮುಖ್ಯವಾಗಿ ದವಡೆಯ ಅಂಚು ಮತ್ತು ಕತ್ತಿನ ಮಾತು. ಅರವತ್ತರ ಮೇಲೆ ಹೆಚ್ಚಿನವರ ಚಿಂತೆ ಅಲ್ಲೇ ಇರುತ್ತದೆ.

ನನಗೆ ಯಾವುದು ಬೇಕು ಅಂತ ಮನೆಯಲ್ಲೇ ಒಂದು ಅಂದಾಜು ಮಾಡಬಹುದಾ?

ಮಾಡಬಹುದು. ಬೆಳಿಗ್ಗೆ ಕಿಟಕಿ ಪಕ್ಕ ಕೂತು ಕೈಗನ್ನಡಿಯಲ್ಲಿ ಮುಖ ನೋಡಿಕೊಳ್ಳಿ. ಆಮೇಲೆ ದಿಂಬಿಲ್ಲದೆ ಅಂಗಾತ ಮಲಗಿ, ಅದೇ ಕನ್ನಡಿಯನ್ನು ಮುಖದ ಮೇಲೆ ಹಿಡಿದು ನೋಡಿ. ಮಲಗಿದಾಗ ಕೆನ್ನೆ ಕಿವಿಯ ಕಡೆ ಸರಿಯುತ್ತದೆ, ದವಡೆಯ ಗೆರೆ ಕಾಣುತ್ತದೆ. ಚೆನ್ನಾಗಿ ಆದ ಫೇಸ್‌ಲಿಫ್ಟ್ ಹೆಚ್ಚುಕಡಿಮೆ ಆ ಮುಖವನ್ನು ಕೊಡುತ್ತದೆ. ಮಲಗಿದಾಗ ಕಾಣುವ ಮುಖವೇ ನಿಮಗೆ ಇಷ್ಟ ಆಗದಿದ್ದರೆ, ಸರ್ಜರಿ ಮಾಡಿಸಿಕೊಂಡರೂ ಸಮಾಧಾನ ಆಗುವುದು ಕಷ್ಟ.

ಈಗ ಎದ್ದು ಕೂತು, ಕಿವಿಯ ಮುಂದೆ ಮೂರು ಬೆರಳಿಟ್ಟು ಚರ್ಮವನ್ನು ಮೆತ್ತಗೆ ಹಿಂದಕ್ಕೆ, ಸ್ವಲ್ಪ ಮೇಲಕ್ಕೆ ಸರಿಸಿ. ಎರಡು ಮೂರು ಮಿಲಿಮೀಟರ್ ಸರಿಸಿದರೆ ಸಾಕು, ದವಡೆ ಸರಿಯಾಗಿ ಕಾಣುತ್ತದೆ ಅಂದರೆ ಮೆಷೀನು, ದಾರ, ಫಿಲ್ಲರ್‌ನಂಥ ಹಗುರ ಚಿಕಿತ್ಸೆಯಿಂದ ಏನಾದರೂ ಪ್ರಯೋಜನ ಕಾಣಬಹುದು. ಒಂದು ಬೆರಳಿನ ಅಗಲ ಸರಿಸಬೇಕಾದರೆ ಯಾವ ಮೆಷೀನೂ ಅಷ್ಟು ದೂರ ಎಳೆಯುವುದಿಲ್ಲ. ಅಕ್ಕನಿಗೆ ಒಂದೂವರೆ ಬೆರಳು ಬೇಕಾಗಿತ್ತು. ಇದನ್ನು ಎರಡು ವರ್ಷ ಮೊದಲೇ ಅವಳ ಕೈಯಲ್ಲಿ ಮಾಡಿಸಿದ್ದರೆ ಒಂದಷ್ಟು ದುಡ್ಡು, ಒಂದಷ್ಟು ಕಣ್ಣೀರು ಉಳಿಯುತ್ತಿತ್ತು.

ಮುಖ ಜೋತುಬೀಳೋದು ಚರ್ಮ ಸಡಿಲ ಆಗೋದರಿಂದ ತಾನೇ?

ಚರ್ಮ ಒಂದು ಭಾಗ ಮಾತ್ರ. ಒಳಗಿನ ಕೊಬ್ಬು ಕೆಲವು ಕಡೆ ಕರಗುತ್ತದೆ, ಕೆಲವು ಕಡೆ ಕೆಳಗೆ ಜಾರುತ್ತದೆ. ದವಡೆ ಮೂಳೆಯೂ ಸವೆಯುತ್ತದೆ, ಹಲ್ಲು ಕಳೆದುಕೊಂಡವರಲ್ಲಿ ಇನ್ನೂ ಜಾಸ್ತಿ. ಗದ್ದದ ಎರಡೂ ಪಕ್ಕ ಚರ್ಮವನ್ನು ಮೂಳೆಗೆ ಹಿಡಿದಿಡುವ ಗಟ್ಟಿ ಎಳೆಗಳಿವೆ. ಇಳಿದ ಕೆನ್ನೆ ಅಲ್ಲಿ ತಡೆದು ನಿಂತು ಚೀಲದ ಹಾಗೆ ತೂಗುತ್ತದೆ. ಕತ್ತಿನಲ್ಲಿ ತೆಳ್ಳಗೆ ಹಾಳೆಯಂತಿರುವ ಒಂದು ಸ್ನಾಯು ಇದೆ, ಹೆಸರು ಪ್ಲಟಿಸ್ಮಾ. ಅದರ ಅಂಚುಗಳು ಎರಡು ಹಗ್ಗದ ಹಾಗೆ ಎದ್ದು ಕಾಣುತ್ತವೆ. ಕ್ರೀಮು, ಮುಖದ ವ್ಯಾಯಾಮ, ಮಸಾಜು ಇವು ಯಾವುವೂ ಆ ಪದರದ ತನಕ ಹೋಗುವುದಿಲ್ಲ.

ಫೇಸ್‌ಲಿಫ್ಟ್ ಅಂದರೆ ಚರ್ಮ ಎಳೆದು ಹೊಲಿಯೋದಾ?

ಹಿಂದೆ ಹಾಗೇ ಇತ್ತು. ಬರೀ ಚರ್ಮ ಎಳೆದರೆ ಅದು ಮತ್ತೆ ಹಿಗ್ಗುತ್ತದೆ. ಬಿಗಿತಕ್ಕೆ ಗಾಯದ ಗೆರೆಯೂ ಅಗಲ ಆಗುತ್ತದೆ, ಮುಖ ಗಾಳಿಗೆ ಎದುರು ನಿಂತವರ ಹಾಗೆ ಕಾಣುತ್ತದೆ. ಚರ್ಮದ ಕೆಳಗೆ, ಸ್ನಾಯುಗಳ ಮೇಲೆ ಒಂದು ಗಟ್ಟಿ ಪದರ ಇದೆ. 1976ರಲ್ಲಿ ಫ್ರಾನ್ಸಿನ ಮಿಟ್ಜ್ ಮತ್ತು ಪೆರೋನಿ ಎಂಬ ಸರ್ಜನ್‌ಗಳು ಅದನ್ನು ವಿವರಿಸಿದರು. ಡಾಕ್ಟರುಗಳು ಅದನ್ನು ಸ್ಮಾಸ್ ಅನ್ನುತ್ತಾರೆ. ಈಗ ಎತ್ತಿ ಕಟ್ಟುವುದು ಈ ಪದರವನ್ನು. ಚರ್ಮವನ್ನು ಅದರ ಮೇಲೆ ಸಡಿಲವಾಗಿ ಹಾಸಿ, ಮಿಕ್ಕದ್ದನ್ನು ಕತ್ತರಿಸುತ್ತಾರೆ. ಸೀರೆಗೆ ಒಳಲಂಗ ಬಿಗಿಯಾಗಿ ಕಟ್ಟಿದರೆ ನೆರಿಗೆ ತಾನೇ ನಿಲ್ಲುತ್ತದೆ ಅಲ್ವಾ, ಹಾಗೆ.

ಗಾಯ ಕಣತಲೆಯ ಕೂದಲಿನ ಅಂಚಿನಲ್ಲಿ ಶುರುವಾಗಿ, ಕಿವಿಯ ಮುಂದಿನ ಮಡಿಕೆಯಲ್ಲಿ ಇಳಿದು, ಕಿವಿಹಾಲೆ ಸುತ್ತಿ, ಕಿವಿಯ ಹಿಂದಿನಿಂದ ಕೂದಲೊಳಗೆ ಹೋಗುತ್ತದೆ. ಕತ್ತು ಜಾಸ್ತಿ ಸಡಿಲ ಇದ್ದರೆ ಗದ್ದದ ಕೆಳಗೆ ಇನ್ನೊಂದು ಪುಟ್ಟ ಗೆರೆ. ಅಕ್ಕನ ಆಪರೇಷನ್‌ಗೆ ನಾಲ್ಕೂವರೆ ಗಂಟೆ ಹಿಡಿಯಿತು, ಪೂರ್ತಿ ಅರಿವಳಿಕೆ ಕೊಟ್ಟಿದ್ದರು.

ಹೈಫು, ಆರ್‌ಎಫ್ ಅಂತ ಮೆಷೀನುಗಳಿವೆಯಲ್ಲ, ಕತ್ತರಿ ಇಲ್ಲದೆ ಆಗಲ್ವಾ?

ಹೈಫು ಅಂದರೆ ಅಲ್ಟ್ರಾಸೌಂಡ್ ಅಲೆಗಳನ್ನು ಒಂದು ಬಿಂದುವಿಗೆ ಸೇರಿಸಿ, ಚರ್ಮದ ಕೆಳಗೆ ಸುಮಾರು 4.5 ಮಿಲಿಮೀಟರ್ ಆಳದವರೆಗೆ ಸಣ್ಣ ಸಣ್ಣ ಕಾವಿನ ಚುಕ್ಕೆ ಮಾಡುವುದು. ಆರ್‌ಎಫ್ ಕೂಡ ಕಾವು ಕೊಡುವುದೇ, ವಿದ್ಯುತ್ ಅಲೆಯಿಂದ. ಕಾವು ತಗುಲಿದ ಜಾಗದಲ್ಲಿ ಕೊಲಾಜೆನ್ ಕುಗ್ಗಿ, ಎರಡು ಮೂರು ತಿಂಗಳಲ್ಲಿ ಹೊಸದು ಬೆಳೆಯುತ್ತದೆ. ಚರ್ಮ ಒಂಚೂರು ಬಿಗಿಯಾಗುತ್ತದೆ. ಆದರೆ ಇಳಿದ ಪದರವನ್ನು ಎತ್ತಿ ಕಟ್ಟುವ ಕೆಲಸ ಅಲ್ಲಿ ನಡೆಯುವುದೇ ಇಲ್ಲ, ಮಿಕ್ಕ ಚರ್ಮ ಹೋಗುವುದೂ ಇಲ್ಲ.

ನಲವತ್ತೈದರವರಿಗೆ ಇದು ಕೆಲಸ ಮಾಡಬಹುದು. ಅರವತ್ತರ ಮೇಲೆ ಹೊಸ ಕೊಲಾಜೆನ್ ಬೆಳೆಯುವುದೇ ನಿಧಾನ. ತುಂಬಾ ಜನ ಮೊದಲಿನ ಫೋಟೋ, ಆಮೇಲಿನ ಫೋಟೋ ಪಕ್ಕ ಪಕ್ಕ ಇಟ್ಟು ವ್ಯತ್ಯಾಸ ಹುಡುಕುತ್ತಾರೆ. ತೆಳ್ಳಗಿನ ಮುಖದವರು ಇನ್ನೊಂದು ವಿಷಯ ನೋಡಿಕೊಳ್ಳಬೇಕು. ಜಾಸ್ತಿ ಕಾವು ಕೊಟ್ಟರೆ ಒಳಗಿನ ಕೊಬ್ಬು ಕರಗಿ ಕೆನ್ನೆ ಇನ್ನೂ ಒಳಕ್ಕೆ ಹೋಗುತ್ತದೆ. ಸೂಜಿ ಚುಚ್ಚಿ ಕೊಡುವ ಆರ್‌ಎಫ್ ಬಗ್ಗೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2025ರ ಅಕ್ಟೋಬರ್‌ನಲ್ಲಿ ಎಚ್ಚರಿಕೆ ಕೊಟ್ಟಿತು. ಸುಟ್ಟ ಗಾಯ, ಕಲೆ, ಕೊಬ್ಬು ಕರಗುವುದು, ನರಕ್ಕೆ ಪೆಟ್ಟು ಇವೆಲ್ಲ ವರದಿಯಾಗಿದ್ದವು. ಇದನ್ನು ಬ್ಯೂಟಿ ಪಾರ್ಲರ್‌ನಲ್ಲಿ ದಯವಿಟ್ಟು ಮಾಡಿಸಬೇಡಿ.

ಥ್ರೆಡ್ ಲಿಫ್ಟ್? ಮಧ್ಯಾಹ್ನ ಹೋಗಿ ಸಂಜೆ ಬರಬಹುದು ಅಂತಾರೆ.

ಅಕ್ಕ ಮೊದಲು ಮಾಡಿಸಿದ್ದು ಇದನ್ನೇ. ಮಗನ ಮದುವೆಗೆ ಆರು ವಾರ ಇತ್ತು. ನಗರದ ಒಂದು ಕ್ಲಿನಿಕ್‌ನಲ್ಲಿ ಒಂದೊಂದು ಪಕ್ಕಕ್ಕೆ ಆರು ದಾರ ಹಾಕಿದರು. ಈ ದಾರಕ್ಕೆ ಮೀನಿನ ಮುಳ್ಳಿನಂಥ ಸಣ್ಣ ಕೊಕ್ಕೆಗಳಿರುತ್ತವೆ. ಸೂಜಿಯಲ್ಲಿ ಒಳಗೆ ತಳ್ಳಿ ಎಳೆದರೆ ಕೊಕ್ಕೆ ಕೊಬ್ಬಿಗೆ ಸಿಕ್ಕಿಕೊಂಡು ಕೆನ್ನೆ ಮೇಲೆ ಬರುತ್ತದೆ. ಆ ದಿನ ಸಂಜೆ ಅಕ್ಕ ತುಂಬಾ ಖುಷಿಯಾಗಿದ್ದಳು.

ಎರಡನೇ ವಾರ ಎಡಗೆನ್ನೆಯಲ್ಲಿ ಒಂದು ಗುಳಿ ಬಿತ್ತು. ನಕ್ಕರೆ ಆಳ ಆಗುತ್ತಿತ್ತು. ಫೋನ್ ಮಾಡಿದರೆ ತಾನೇ ಹೋಗುತ್ತದೆ ಅಂದರು. ಮದುವೆಯ ಫೋಟೋಗಳಲ್ಲಿ ಅವಳು ಬಾಯಿ ಮುಚ್ಚಿಕೊಂಡು ಬಲಗೆನ್ನೆ ತೋರಿಸಿಕೊಂಡೇ ನಿಂತಿದ್ದಾಳೆ. ಗುಳಿ ಎರಡು ತಿಂಗಳಿಗೆ ಹೋಯಿತು. ಆದರೆ ಎಂಟನೇ ತಿಂಗಳಿಗೆ ಎತ್ತಿದ್ದೂ ಹೋಯಿತು.

ಕಾರಣ ಸುಲಭ. ಪಿಡಿಒ ಅನ್ನುವ ದಾರ ಆರು ತಿಂಗಳ ಆಸುಪಾಸಿನಲ್ಲಿ ಕರಗುತ್ತದೆ. ಭಾರವಾದ ಕೆನ್ನೆಯಲ್ಲಿ ಕೊಕ್ಕೆಗಳು ಮೆತ್ತನೆ ಕೊಬ್ಬನ್ನು ಸೀಳಿಕೊಂಡು ಅದಕ್ಕೂ ಮೊದಲೇ ಜಾರುತ್ತವೆ. ಪರಿಣಾಮ ಉಳಿಯುವುದು ಹೆಚ್ಚೆಂದರೆ ಒಂದು ವರ್ಷ. ಮುಂದೆ ಅಕ್ಕನ ಆಪರೇಷನ್ ಮಾಡಿದ ಸರ್ಜನ್, ಹಳೆಯ ದಾರದ ಜಾಗದಲ್ಲಿ ಪದರಗಳು ಅಂಟಿಕೊಂಡಿದ್ದವು, ಬಿಡಿಸುವುದಕ್ಕೆ ಸಮಯ ಹಿಡಿಯಿತು ಅಂದರು. ಭಾರವಾದ ಮುಖಕ್ಕೆ ಅರವತ್ತರ ಮೇಲೆ ದಾರ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಫಿಲ್ಲರ್ ತುಂಬಿಸಿದರೆ ಕೆನ್ನೆ ಎದ್ದು ನಿಲ್ಲಲ್ವಾ?

ಫಿಲ್ಲರ್ ಅಂದರೆ ಚರ್ಮದ ಕೆಳಗೆ ಚುಚ್ಚಿ ತುಂಬುವ ಜೆಲ್. ಒಂದು ಸಿರಿಂಜಿನಲ್ಲಿ ಇರುವುದು 1 ಎಂಎಲ್. ಐದು ಸಿರಿಂಜ್ ಸೇರಿದರೆ ಒಂದು ಟೀ ಚಮಚ. ಇಷ್ಟರಿಂದ ತಗ್ಗು ತುಂಬಬಹುದು, ಜೋತುಬಿದ್ದದ್ದನ್ನು ಎತ್ತುವುದಕ್ಕೆ ಆಗುವುದಿಲ್ಲ. ಎತ್ತಲೇಬೇಕು ಅಂತ ಸಿರಿಂಜ್ ಮೇಲೆ ಸಿರಿಂಜ್ ಹಾಕಿದರೆ ಮುಖ ಉಬ್ಬಿಕೊಂಡು, ಭಾರ ಆಗಿ, ಪರಿಚಯದವರೂ ಒಂದು ಕ್ಷಣ ತಡೆದು ನೋಡುವ ಹಾಗಾಗುತ್ತದೆ.

ಫಿಲ್ಲರ್ ಅಪ್ಪಿತಪ್ಪಿ ರಕ್ತನಾಳದೊಳಗೆ ಹೋದರೆ ಆ ಜಾಗದ ಚರ್ಮ ಸಾಯಬಹುದು. ತೀರಾ ಅಪರೂಪಕ್ಕೆ ಕಣ್ಣೂ ಹೋಗಬಹುದು. ಚುಚ್ಚಿದ ಮೇಲೆ ಚರ್ಮ ಬಿಳುಚಿದರೆ, ಬಲೆಯ ಹಾಗೆ ನೀಲಿ ಗೆರೆ ಮೂಡಿದರೆ, ತಡೆಯಲಾರದ ನೋವು ಬಂದರೆ, ಕಣ್ಣು ಮಂಜಾದರೆ ಒಂದು ನಿಮಿಷವೂ ಕಾಯಬಾರದು. ಹಯಲುರಾನಿಕ್ ಫಿಲ್ಲರ್ ಆದರೆ ಕರಗಿಸುವ ಔಷಧಿ ಇದೆ, ಹಯಲುರೊನಿಡೇಸ್ ಅಂತ. ಅದು ಕ್ಲಿನಿಕ್‌ನಲ್ಲಿ ಈಗಲೇ ಇದೆಯಾ ಅಂತ ಚುಚ್ಚುವ ಮೊದಲೇ ಕೇಳಿ.

ಹಾಗಾದರೆ ಹಗುರ ಚಿಕಿತ್ಸೆ ಯಾರಿಗೂ ಬೇಡವಾ?

ಹಾಗಲ್ಲ. ಅಕ್ಕನ ವಾರಗಿತ್ತಿಗೆ 67. ಸಣ್ಣ ಮುಖ, ಸ್ವಲ್ಪವೇ ಇಳಿದಿದೆ, ಕತ್ತಿನಲ್ಲಿ ಎರಡು ಹಗ್ಗ ಎದ್ದಿವೆ. ಹೃದಯಕ್ಕೆ ಸ್ಟೆಂಟ್ ಹಾಕಿ ಇನ್ನೂ ವರ್ಷ ಆಗಿರಲಿಲ್ಲ, ರಕ್ತ ತೆಳುವಾಗಿಸುವ ಎರಡು ಮಾತ್ರೆ ನಡೆಯುತ್ತಿತ್ತು. ಅಲಂಕಾರದ ಸರ್ಜರಿಗೋಸ್ಕರ ಆ ಮಾತ್ರೆ ನಿಲ್ಲಿಸುವ ಮಾತೇ ಇಲ್ಲ. ಅವರ ಹೃದಯದ ಡಾಕ್ಟರ್ ಒಪ್ಪಿಗೆ ಕೇಳಿ, ಚರ್ಮದ ಡಾಕ್ಟರ್ ಆ ಹಗ್ಗಗಳಿಗೆ ಸ್ನಾಯು ಸಡಿಲಿಸುವ ಬೊಟಾಕ್ಸ್ ಚುಚ್ಚುಮದ್ದು ಕೊಟ್ಟರು, ಗದ್ದದ ಪಕ್ಕದ ತಗ್ಗಿಗೆ ಒಂದು ಸಿರಿಂಜ್ ಫಿಲ್ಲರ್ ಹಾಕಿದರು. ಚುಚ್ಚಿದ ಕಡೆ ಹತ್ತು ದಿನ ನೀಲಿಗಟ್ಟಿತ್ತು, ಅಷ್ಟೇ. ಬೊಟಾಕ್ಸ್ ಮೂರು ನಾಲ್ಕು ತಿಂಗಳು ಇರುತ್ತದೆ, ಫಿಲ್ಲರ್ ವರ್ಷದ ಆಸುಪಾಸು. ಇಳಿದ ಕೆನ್ನೆಯ ಚೀಲ ಅಲ್ಲೇ ಇದೆ, ಆದರೆ ಅದರ ಮುಂದಿನ ತಗ್ಗು ತುಂಬಿದ್ದರಿಂದ ಕಣ್ಣಿಗೆ ಹೊಡೆಯುವುದಿಲ್ಲ. ಅವರಿಗೆ ಅಷ್ಟು ಸಾಕು.

ಫೇಸ್‌ಲಿಫ್ಟ್ ಆದ ಮೇಲೆ ಎಷ್ಟು ವರ್ಷ ಚಿಕ್ಕವರಾಗಿ ಕಾಣ್ತೀವಿ?

ಹತ್ತು ಹದಿನೈದು ವರ್ಷ ಅನ್ನುವ ಜಾಹೀರಾತುಗಳನ್ನು ನಂಬಬೇಡಿ. ರೋಗಿಗಳ ಪರಿಚಯವೇ ಇಲ್ಲದವರಿಗೆ ಮೊದಲಿನ, ಆಮೇಲಿನ ಫೋಟೋ ತೋರಿಸಿ ವಯಸ್ಸು ಊಹಿಸಿ ಅಂತ ಕೇಳಿದ ಅಧ್ಯಯನಗಳಿವೆ. 2012ರ ಒಂದರಲ್ಲಿ ಸರಾಸರಿ 7.2 ವರ್ಷ ಚಿಕ್ಕದಾಗಿ ಕಂಡಿತು. 2013ರ ಇನ್ನೊಂದರಲ್ಲಿ ಬರೀ 3.1 ವರ್ಷ. ಅದೇ ಎರಡನೇ ಅಧ್ಯಯನದಲ್ಲಿ, ಮೊದಲಿಗಿಂತ ಚೆಂದ ಕಾಣುತ್ತಾರೆ ಅಂತ ನೋಡಿದವರಿಗೆ ಅಷ್ಟಾಗಿ ಅನ್ನಿಸಲಿಲ್ಲ. ಇದನ್ನು ಬರೆದಿಟ್ಟುಕೊಳ್ಳಿ. ದವಡೆ ಮತ್ತು ಕತ್ತು ಚೊಕ್ಕಟ ಆಗುತ್ತದೆ, ದಣಿದ ಕಳೆ ಕಡಿಮೆ ಆಗುತ್ತದೆ. ಮುಖ ಬೇರೆ ಆಗುವುದಿಲ್ಲ. ಅಕ್ಕನನ್ನು ಮೂರು ತಿಂಗಳ ಮೇಲೆ ನೋಡಿದ ಚಿಕ್ಕಮ್ಮ, "ಏನೇ, ತೂಕ ಇಳಿಸಿದ್ಯಾ?" ಅಂದರು. ಒಳ್ಳೆಯ ಕೆಲಸಕ್ಕೆ ಸಿಗುವ ಮಾತು ಅದೇ.

ಯಾವುದು ಸರಿಹೋಗಲ್ಲ?

ತುಟಿಯ ಮೇಲಿನ ಸಣ್ಣ ಗೆರೆಗಳು, ಬಂಗು, ಬಿಸಿಲಿನ ಕಲೆ, ಕಣ್ಣಿನ ಕೆಳಗಿನ ಕಪ್ಪು ಇವು ಹಾಗೇ ಇರುತ್ತವೆ. ಮೂಗಿನಿಂದ ಬಾಯಿಗೆ ಇಳಿಯುವ ಗೆರೆ ಸ್ವಲ್ಪ ಮಾತ್ರ ಕಡಿಮೆ ಆಗುತ್ತದೆ. ಕಣ್ಣಿನ ರೆಪ್ಪೆ, ಹುಬ್ಬು ಬೇರೆಯದೇ ಆಪರೇಷನ್. ಗೆರೆಗಳಿಗೆ ಲೇಸರ್ ಅಂತ ಯಾರಾದರೂ ಅಂದರೆ, ನಮ್ಮ ಕಂದು ಚರ್ಮ ಲೇಸರ್ ಆದ ಮೇಲೆ ಕಪ್ಪಾಗುವುದು ಬೇಗ ಅನ್ನುವುದನ್ನು ನೆನಪಿಡಿ. ಅದರ ಅನುಭವ ಇರುವ ಚರ್ಮದ ಡಾಕ್ಟರ್ ಬಳಿಯೇ ಹೋಗಿ.

ಬಿಪಿ, ಶುಗರ್ ಇದೆ. ಆಗುತ್ತಾ?

ಹಿಡಿತದಲ್ಲಿದ್ದರೆ ಆಗುತ್ತದೆ. ವಯಸ್ಸೊಂದೇ ಅಡ್ಡಿ ಅಲ್ಲ. ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ ಅಕ್ಕನಿಗೆ 8.6 ಇತ್ತು. ಸರ್ಜನ್ ದಿನಾಂಕ ಕೊಡಲಿಲ್ಲ, ಇಳಿಸಿಕೊಂಡು ಬನ್ನಿ ಅಂದರು. ನಾಲ್ಕು ತಿಂಗಳಲ್ಲಿ 7.1ಕ್ಕೆ ಬಂತು, ಆಮೇಲೆ ದಿನ ಗೊತ್ತಾಯಿತು. ಹೀಗೆ ವಾಪಸ್ ಕಳಿಸುವ ಡಾಕ್ಟರನ್ನು ನಂಬಬಹುದು.

ಬಿಪಿ ಇನ್ನೂ ಮುಖ್ಯ, ಕಾರಣ ಮುಂದೆ ಹೇಳುತ್ತೇನೆ. ಆಸ್ಪಿರಿನ್ ತಗೊಳ್ಳುತ್ತಿದ್ದರೆ ನೀವೇ ನಿಲ್ಲಿಸಬೇಡಿ, ಬರೆದುಕೊಟ್ಟ ಡಾಕ್ಟರನ್ನು ಕೇಳಿ. ಮೀನೆಣ್ಣೆ, ವಿಟಮಿನ್ ಇ, ಆಯುರ್ವೇದದ ಮಾತ್ರೆ ಏನೇ ಇದ್ದರೂ ಹೇಳಿ. ಇನ್ನೊಂದು ಸಂಗತಿಯನ್ನು ನಮ್ಮ ಕಡೆ ಹೆಂಗಸರು ಮುಚ್ಚಿಡುತ್ತಾರೆ. ಎಲೆಅಡಿಕೆ ಜೊತೆ ಹೊಗೆಸೊಪ್ಪು, ಕಡ್ಡಿಪುಡಿ. ಸಿಗರೇಟು ಇಲ್ಲ ಅಂತ ಫಾರಂನಲ್ಲಿ ಟಿಕ್ ಹಾಕಿರುತ್ತಾರೆ, ಆದರೆ ನಿಕೋಟಿನ್ ಅದರಲ್ಲೂ ಇದೆ. ಅದು ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಎತ್ತಿ ಹಾಸಿದ ಚರ್ಮಕ್ಕೆ ರಕ್ತ ಸಾಲದೆ ಕಿವಿಯ ಹಿಂದೆ ಕಪ್ಪಾಗಿ ಸಾಯುತ್ತದೆ. ಕಮ್ಮಿ ಅಂದರೂ ನಾಲ್ಕು ವಾರ ಮೊದಲೇ ಪೂರ್ತಿ ಬಿಡಬೇಕು, ಆಮೇಲೂ ಗಾಯ ಮಾಯುವ ತನಕ ಮುಟ್ಟಬಾರದು.

ಏನೇನು ತೊಂದರೆ ಆಗಬಹುದು? ಗೊತ್ತಾಗೋದು ಹೇಗೆ?

ಎಲ್ಲಕ್ಕಿಂತ ಮುಖ್ಯವಾದದ್ದು ಚರ್ಮದ ಕೆಳಗೆ ರಕ್ತ ತುಂಬಿಕೊಳ್ಳುವುದು, ಹೆಮಟೋಮಾ. ನೂರರಲ್ಲಿ ಕೆಲವರಿಗೆ ಆಗುತ್ತದೆ, ಗಂಡಸರಿಗೆ ಜಾಸ್ತಿ. ಬಹುತೇಕ ಮೊದಲ 24 ಗಂಟೆಯೊಳಗೆ. ಬಿಪಿ ಏರುವುದು, ವಾಂತಿ, ಕೆಮ್ಮು, ಮಲಬದ್ಧತೆಯಲ್ಲಿ ತಿಣುಕುವುದು ಇವು ಕಾರಣ.

ಫೇಸ್‌ಲಿಫ್ಟ್ ಆದ ಮೊದಲ ರಾತ್ರಿ ಎರಡೂ ಪಕ್ಕ ಊತ ಇದ್ದೇ ಇರುತ್ತದೆ, ಆದರೆ ಸಮವಾಗಿ. ಬಿಗಿ ಅನ್ನಿಸುತ್ತದೆ, ನೋವು ಜಾಸ್ತಿ ಇರುವುದಿಲ್ಲ. ಒಂದೇ ಪಕ್ಕ ದಿಢೀರ್ ಅಂತ ಉಬ್ಬಿ, ಮುಟ್ಟಿದರೆ ಗಟ್ಟಿಯಾಗಿ, ಮಾತ್ರೆಗೂ ಬಗ್ಗದ ನೋವು ಶುರುವಾದರೆ ಅದೇ ಲಕ್ಷಣ. ಬೆಳಗಾಗಲಿ ಅಂತ ಕಾಯಬಾರದು. ತೆಗೆಯದೆ ಬಿಟ್ಟರೆ ಮೇಲಿನ ಚರ್ಮ ಸಾಯುತ್ತದೆ. ಅದಕ್ಕೇ ನಾನು ಎಲ್ಲರಿಗೂ ಹೇಳುವುದು, ಮೊದಲ ರಾತ್ರಿ ಆಸ್ಪತ್ರೆಯಲ್ಲೇ ಇರಿ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಕೂರುವ ಹೊತ್ತಲ್ಲ ಅದು. ಅಕ್ಕನ ಹಾಸಿಗೆ ಪಕ್ಕ ಕೂತು ಗಂಟೆಗೊಮ್ಮೆ ಬಿಪಿ ನೋಡಿದೆ. ಕಿವಿಯ ಹಿಂದಿನಿಂದ ಬಂದ ಸಣ್ಣ ಡ್ರೈನ್ ಟ್ಯೂಬಿನ ಬುಡ್ಡಿಯಲ್ಲಿ ಬೆಳಿಗ್ಗೆ ಹೊತ್ತಿಗೆ ಎರಡು ಚಮಚ ತಿಳಿಗೆಂಪು ನೀರು, ಅಷ್ಟೇ.

ಎರಡನೆಯದು ನರ. ಕಿವಿಗೆ ಸ್ಪರ್ಶ ಕೊಡುವ ನರಕ್ಕೆ ಪೆಟ್ಟಾದರೆ ಕಿವಿಹಾಲೆ ಜೋಮು ಹಿಡಿದ ಹಾಗೇ ಉಳಿಯಬಹುದು. ಮುಖ ಆಡಿಸುವ ನರಕ್ಕೆ ತಗುಲಿದರೆ ನಗು ಸೊಟ್ಟ ಆಗುತ್ತದೆ ಅಥವಾ ಒಂದು ಹುಬ್ಬು ಏಳುವುದಿಲ್ಲ. ಬಹುಪಾಲು ಇದು ವಾರಗಳಲ್ಲಿ, ತಿಂಗಳುಗಳಲ್ಲಿ ವಾಪಸ್ ಬರುತ್ತದೆ. ಶಾಶ್ವತವಾಗಿ ಉಳಿಯುವುದು ಅಪರೂಪ, ಆದರೆ ಉಳಿಯುವುದೇ ಇಲ್ಲ ಅಂತ ಯಾರೂ ಹೇಳುವ ಹಾಗಿಲ್ಲ.

ಎಷ್ಟು ದಿನಕ್ಕೆ ಹೊರಗೆ ಹೋಗಬಹುದು?

ಎರಡನೇ ದಿನ ಡ್ರೈನ್ ತೆಗೆದರು. ಮೂರನೇ ದಿನ ಮುಖ ಅತಿ ಹೆಚ್ಚು ಊದಿತ್ತು, ಅಕ್ಕ ಕನ್ನಡಿ ನೋಡಿ ಅತ್ತಳು. ಇದು ಎಲ್ಲರಿಗೂ ಆಗುತ್ತದೆ, ಮೊದಲೇ ಗೊತ್ತಿದ್ದರೆ ಒಳ್ಳೆಯದು. ಏಳನೇ ದಿನ ಕಿವಿಯ ಮುಂದಿನ ಹೊಲಿಗೆ ಬಿಚ್ಚಿದರು. ಹತ್ತನೇ ದಿನಕ್ಕೆ ನೀಲಿ ಹೋಗಿ ಅರಿಶಿನ ಬಣ್ಣಕ್ಕೆ ತಿರುಗಿತ್ತು. ಮೂರನೇ ವಾರ ಗಾಂಧಿ ಬಜಾರಿಗೆ ಹೋಗಿ ಹೂವು ತಂದಳು, ಯಾರೂ ಏನೂ ಕೇಳಲಿಲ್ಲ.

ಎರಡು ವಾರ ತಲೆ ಎತ್ತರಿಸಿ ಮಲಗಬೇಕು. ಬಗ್ಗಿ ರಂಗೋಲಿ, ಬಿಂದಿಗೆ ಎತ್ತುವುದು ಬೇಡ. ಅಗಿಯುವಾಗ ಬಿಗಿ ಅನ್ನಿಸುವುದರಿಂದ ಮೊದಲ ವಾರ ಮೆತ್ತಗಿನ ಅನ್ನ, ಗಂಜಿ. ನಮ್ಮ ರಾಗಿಮುದ್ದೆ ಇದಕ್ಕೆ ಹೇಳಿ ಮಾಡಿಸಿದ ಊಟ, ಅಗಿಯುವುದೇ ಬೇಡ. ಕೂದಲಿಗೆ ಡೈ ಹಾಕುವವರು ಆಪರೇಷನ್‌ಗೆ ಮೊದಲೇ ಹಾಕಿಸಿಕೊಳ್ಳಿ, ಆಮೇಲೆ ಒಂದು ತಿಂಗಳಾದರೂ ಆಗುವುದಿಲ್ಲ. ಆರು ವಾರ ಜುಮುಕಿ ಬೇಡ. ಅಕ್ಕ ಎರಡನೇ ತಿಂಗಳಲ್ಲಿ ಓಲೆ ಹಾಕಿಕೊಳ್ಳುವಾಗ ತಿರುಪು ಚುಚ್ಚಿ ರಕ್ತ ಬಂದಿದ್ದೂ ಗೊತ್ತಾಗಿರಲಿಲ್ಲ, ಕಿವಿ ಅಷ್ಟು ಜೋಮಾಗಿತ್ತು. ಎಂಟನೇ ತಿಂಗಳಿಗೆ ಸ್ಪರ್ಶ ಮರಳಿತು. ಮುಖ ಪೂರ್ತಿ ಕೂತದ್ದು ವರ್ಷಕ್ಕೆ. ಮನೆಯಲ್ಲಿ ಮದುವೆ, ಗೃಹಪ್ರವೇಶ ಇದ್ದರೆ ಕನಿಷ್ಠ ಮೂರು ತಿಂಗಳು ಮೊದಲೇ ಮುಗಿಸಿಕೊಳ್ಳಿ.

ಗಾಯದ ಗುರುತು ಕಾಣುತ್ತಾ?

ಮೊದಲ ಮೂರು ತಿಂಗಳು ಕಂದುಗೆಂಪು ಗೆರೆ ಕಾಣುತ್ತದೆ, ನಮ್ಮ ಬಣ್ಣದವರಿಗೆ ಒಂಚೂರು ಜಾಸ್ತಿ ಹೊತ್ತು. ಬಿಸಿಲು ತಗುಲಿಸದಿದ್ದರೆ ವರ್ಷಕ್ಕೆ ಮಂಕಾಗುತ್ತದೆ. ಕಿವಿ ಚುಚ್ಚಿಸಿದ ಕಡೆ, ಲಸಿಕೆ ಹಾಕಿದ ಕಡೆ ಉಬ್ಬು ಗಂಟು ಬೆಳೆದಿದ್ದರೆ, ಅಂದರೆ ಕೀಲಾಯ್ಡ್ ಇದ್ದರೆ, ಸರ್ಜನ್‌ಗೆ ಮೊದಲೇ ತೋರಿಸಿ. ಕಿವಿಹಾಲೆ ಕೆಳಕ್ಕೆ ಎಳೆದು ಕೆನ್ನೆಗೆ ಅಂಟಿದ ಹಾಗೆ ಕಂಡರೆ, ಅಲ್ಲಿ ಚರ್ಮವನ್ನು ಬಿಗಿಯಾಗಿ ಹೊಲಿದಿದ್ದಾರೆ ಅಂತ ಅರ್ಥ.

ಎಷ್ಟು ವರ್ಷ ಉಳಿಯುತ್ತದೆ?

ಸುಮಾರು ಎಂಟು ಹತ್ತು ವರ್ಷ. ಕತ್ತು ಮೊದಲು ಸಡಿಲ ಆಗುತ್ತದೆ. ಒಂದು ದಿನ ಪೂರ್ತಿ ಬಿದ್ದುಹೋಗುವಂಥದ್ದಲ್ಲ ಇದು. ವಯಸ್ಸು ತನ್ನ ಪಾಡಿಗೆ ನಡೆಯುತ್ತದೆ, ನೀವು ಸ್ವಲ್ಪ ಹಿಂದಿನಿಂದ ಶುರು ಮಾಡಿರುತ್ತೀರಿ.

ಖರ್ಚು?

ಅಕ್ಕನಿಗೆ ದಾರಕ್ಕೆ 90 ಸಾವಿರ ಆಗಿತ್ತು, ಎಂಟು ತಿಂಗಳು ಬಂತು. ಸರ್ಜರಿಗೆ ಎಲ್ಲ ಸೇರಿ ನಾಲ್ಕು ಲಕ್ಷದ ಹತ್ತಿರ. ಒಬ್ಬೊಬ್ಬರ ಲೆಕ್ಕ ಬೇರೆ. ಅಂದಕ್ಕಾಗಿ ಮಾಡುವ ಸರ್ಜರಿಗೆ ಇನ್ಶೂರೆನ್ಸ್ ಕೊಡುವುದಿಲ್ಲ, ಮೇಲೆ 18% ಜಿಎಸ್‌ಟಿ. ಲೆಕ್ಕವನ್ನು ಬರವಣಿಗೆಯಲ್ಲಿ ತಗೊಳ್ಳಿ. ಅದರಲ್ಲಿ ಅರಿವಳಿಕೆ ಡಾಕ್ಟರ್, ಓಟಿ, ರೂಮು ಸೇರಿದೆಯಾ ನೋಡಿ. ರಕ್ತ ತುಂಬಿಕೊಂಡು ಮತ್ತೆ ಓಟಿಗೆ ಹೋಗಬೇಕಾದರೆ ಅದರ ಖರ್ಚು ಯಾರದು ಅನ್ನುವುದೂ ಅಲ್ಲೇ ಇರಲಿ.

ಯಾವ ಡಾಕ್ಟರ್ ಹತ್ತಿರ ಹೋಗಬೇಕು? ಏನು ಕೇಳಬೇಕು?

ಫೇಸ್‌ಲಿಫ್ಟ್‌ಗೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಮಾಡಿದವರನ್ನು ಹುಡುಕಿ. ಬೋರ್ಡಿನ ಮೇಲೆ ಕಾಸ್ಮೆಟಿಕ್ ಅಂತ ಇದ್ದ ಮಾತ್ರಕ್ಕೆ ಸಾಲದು. ಬೊಟಾಕ್ಸ್, ಫಿಲ್ಲರ್, ಮೆಷೀನುಗಳಿಗೆ ಚರ್ಮರೋಗದಲ್ಲಿ ಎಂಡಿ ಅಥವಾ ಡಿಎನ್‌ಬಿ ಆದವರೂ ಆಗಬಹುದು. ಕ್ಲಿನಿಕ್‌ಗೆ ಕರ್ನಾಟಕದ ಖಾಸಗಿ ಆಸ್ಪತ್ರೆಗಳ ಕಾಯ್ದೆಯಾದ ಕೆಪಿಎಂಇ ಅಡಿ ನೋಂದಣಿ ಇರಬೇಕು, ಅದರ ಸರ್ಟಿಫಿಕೇಟನ್ನು ಗೋಡೆಗೆ ಹಾಕಿರಬೇಕು.

ಕೇಳಬೇಕಾದ್ದು ಜಾಸ್ತಿ ಇಲ್ಲ. ಸ್ಮಾಸ್ ಪದರ ಎತ್ತುತ್ತೀರಾ, ಬರೀ ಚರ್ಮವಾ? ಮೊದಲ ರಾತ್ರಿ ಎರಡು ಗಂಟೆಗೆ ಮುಖ ಊದಿದರೆ ಯಾರು ಫೋನ್ ಎತ್ತುತ್ತಾರೆ? ಅರವತ್ತು ದಾಟಿದ, ನನ್ನಂಥ ಚರ್ಮದ ಬಣ್ಣದ ರೋಗಿಗಳ ಒಂದು ವರ್ಷದ ನಂತರದ ಫೋಟೋ ಇದೆಯಾ? ಫೋಟೋ ನೋಡುವಾಗ ಎರಡರಲ್ಲೂ ಬೆಳಕು ಒಂದೇ ಇದೆಯಾ, ಗದ್ದ ಒಂದೇ ಎತ್ತರದಲ್ಲಿದೆಯಾ ಗಮನಿಸಿ. ಗದ್ದ ಒಂದು ಇಂಚು ಎತ್ತಿದರೆ ಯಾರ ಕತ್ತಾದರೂ ಚೊಕ್ಕಟವಾಗಿಯೇ ಕಾಣುತ್ತದೆ. ಪಕ್ಕದಿಂದ ತೆಗೆದ, ಕೂದಲು ಹಿಂದಕ್ಕೆ ಕಟ್ಟಿದ ಫೋಟೋ ಕೇಳಿ. ಕಿವಿಯ ಮುಂದಿನ ಗೆರೆ ಕಾಣುವುದು ಅದರಲ್ಲೇ.